ಎಕ್ಸೆಲ್ ಹಾಳೆಯಲ್ಲಿ ಬಿಟ್ಟುಹೋದ ಹಾಲು

ಪ್ರಶ್ನೆ: ನಮ್ಮೂರಿನ ಹಾಲು ಉತ್ಪಾದಕರ ಸಹಕಾರ ಸಂಘದ ನಿರ್ದೇಶಕರಲ್ಲಿ ನಾನೂ ಒಬ್ಬ. ಹಾಲು ಅಳೆಯುವ ಯಂತ್ರದ ಸಾಫ್ಟ್‌ವೇರಿನಿಂದ ಜೂನ್ ಮತ್ತು ಜುಲೈ ತಿಂಗಳ ಲೆಕ್ಕವನ್ನು ಟೆಕ್ಸ್ಟ್ ಫೈಲಾಗಿ ತೆಗೆದು, ನೋಟ್‌ಪ್ಯಾಡಿನಲ್ಲಿ ತೆರೆದು, ಅಲ್ಲಿಂದ ಎಕ್ಸೆಲ್‌ಗೆ ಅಂಟಿಸಿದ್ದೇನೆ. ಜೂನ್‌ನಲ್ಲಿ 31,140 ಲೀಟರ್ ಬಂದಿದ್ದರೆ ಜುಲೈನಲ್ಲಿ ಬಂದದ್ದು 29,100. ಅದರಲ್ಲೂ ಜುಲೈ ಎರಡನೇ ವಾರ ಶೇ. 18ರಷ್ಟು ಕುಸಿದಿದೆ. ಖಾಸಗಿ ಡೈರಿಯ ವಾಹನ ಊರಿಗೆ ಬರತೊಡಗಿದ್ದೂ ಅದೇ ವಾರ. ಅತ್ತ ಹಾಲು ಹಾಕುತ್ತಿರುವ ಸದಸ್ಯರಿಗೆ ನೋಟಿಸ್ ಕೊಡಬೇಕೆಂದು ಮುಂದಿನ ಸಭೆಯಲ್ಲಿ ಹೇಳಲಿದ್ದೇನೆ. ಎರಡೂ ಹಾಳೆಗಳನ್ನು, ಮೂಲ ಫೈಲನ್ನು, ಒಕ್ಕೂಟಕ್ಕೆ ಹೋದ ಹಾಲಿನ ತೂಕ ಬರೆಯುವ ಟ್ರಕ್ ಶೀಟಿನ ಪ್ರತಿಗಳನ್ನು ಕಳುಹಿಸಿದ್ದೇನೆ. ನನ್ನ ಲೆಕ್ಕ ಸರಿಯಿದೆಯೇ?

ಉತ್ತರ: ನೋಟಿಸನ್ನು ಸದ್ಯಕ್ಕೆ ಜೇಬಿನಲ್ಲೇ ಇಟ್ಟುಕೊಳ್ಳಿ. ನೀವು ಕೂಡಿಸಿದ್ದರಲ್ಲಿ ತಪ್ಪಿಲ್ಲ, ಆದರೆ ಕೂಡಿಸಿದ ಹಾಳೆಯೇ ಪೂರ್ತಿಯಾಗಿಲ್ಲ. ಜುಲೈ ಹಾಳೆಯಲ್ಲಿ 375 ಸಾಲುಗಳು ಬಿಟ್ಟುಹೋಗಿವೆ. ಅವು ಮೂರು ಬೇರೆ ಬೇರೆ ಕಾರಣಗಳಿಂದ ಹೋಗಿವೆ, ಮತ್ತು ಮೂರನ್ನೂ ಒಂದೇ ಪರೀಕ್ಷೆಯಿಂದ ಹಿಡಿಯಲು ಆಗುವುದಿಲ್ಲ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಸಹಕಾರ ಸಂಘಗಳ ಲೆಕ್ಕಪರಿಶೋಧನೆಯಲ್ಲೇ ನನ್ನ ಕೂದಲು ನರೆತದ್ದು. ತಪ್ಪು ಅಂಕಿ ಎಲ್ಲೋ ಒಂದು ಕಡೆ ಕಣ್ಣಿಗೆ ಚುಚ್ಚುತ್ತದೆ: 6 ಲೀಟರ್ ಇರಬೇಕಾದಲ್ಲಿ 60 ಎಂದಿದ್ದರೆ ಯಾರಾದರೂ ನಿಂತು ನೋಡುತ್ತಾರೆ. ಇಲ್ಲದ ಸಾಲು ಹಾಗಲ್ಲ. ಅದರ ಮೇಲಿನ ಸಾಲು ಮತ್ತು ಕೆಳಗಿನ ಸಾಲು ಹತ್ತಿರ ಬಂದು ಕೂತುಬಿಡುತ್ತವೆ, ನಡುವೆ ಗುರುತೇ ಉಳಿಯುವುದಿಲ್ಲ. ಹಾಗಾಗಿ ಹಾಳೆಯನ್ನೇ ಎಷ್ಟು ಹೊತ್ತು ದಿಟ್ಟಿಸಿದರೂ ಪ್ರಯೋಜನವಿಲ್ಲ. ಎಷ್ಟು ಸಾಲುಗಳಿರಬೇಕಿತ್ತು ಎಂಬುದನ್ನು ಹಾಳೆಯ ಹೊರಗಿನಿಂದ ತರಬೇಕು.

ನನಗೆ ಮೊದಲು ಅನುಮಾನ ಬಂದದ್ದು ಒಂದು ಸಣ್ಣ ಭಾಗಾಕಾರದಿಂದ. ಜೂನ್ ಹಾಳೆಯಲ್ಲಿ 5,190 ಸಾಲುಗಳಿವೆ, ಜುಲೈ ಹಾಳೆಯಲ್ಲಿ 4,850. ಒಂದು ಸಾಲು ಎಂದರೆ ಒಬ್ಬ ಸದಸ್ಯ ಒಂದು ಹೊತ್ತಿಗೆ ಹಾಕಿದ ಹಾಲು. ಲೀಟರನ್ನು ಸಾಲುಗಳಿಂದ ಭಾಗಿಸಿದರೆ ಎರಡೂ ತಿಂಗಳಲ್ಲಿ ಸರಿಯಾಗಿ 6 ಲೀಟರ್ ಬರುತ್ತದೆ. ಅಂದರೆ ಹಾಲು ಹಾಕಿದವರು ಎಂದಿನಷ್ಟೇ ಹಾಕಿದ್ದಾರೆ. ಮೇವು ಕಡಿಮೆಯಾಗಿ ಹಸುಗಳ ಹಾಲು ಇಳಿದಿದ್ದರೆ ಈ ಅಂಕಿಯೂ ಇಳಿಯುತ್ತಿತ್ತು. ಇಳಿದಿರುವುದು ಸಾಲುಗಳ ಸಂಖ್ಯೆ ಮಾತ್ರ. ಜನ ನಿಜವಾಗಿ ಬಿಟ್ಟುಹೋದರೂ ಹೀಗೇ ಕಾಣುತ್ತದೆ, ಸಾಲುಗಳು ಉದುರಿಹೋದರೂ ಹೀಗೇ ಕಾಣುತ್ತದೆ. ಜುಲೈಗೆ ಜೂನ್‌ಗಿಂತ ಒಂದು ದಿನ ಹೆಚ್ಚು ಎಂಬುದನ್ನೂ ನೀವು ಮರೆತಿದ್ದೀರಿ. ಅದನ್ನು ಸೇರಿಸಿ ನೋಡಿದರೆ ಹೊತ್ತಿಗೆ 86 ಮಂದಿ ಇದ್ದದ್ದು 78ಕ್ಕೆ ಬಂದಂತಾಯಿತು. ಒಂದು ಹಳ್ಳಿಯ ಸಂಘದಲ್ಲಿ ಎಂಟು ಮನೆಯವರು ಒಂದೇ ತಿಂಗಳಲ್ಲಿ ಡೈರಿಯ ಕಡೆ ತಲೆಹಾಕದಿದ್ದರೆ, ಕಾರ್ಯದರ್ಶಿಯ ಬಾಯಿಂದ ನಿಮಗೆ ಸುದ್ದಿ ತಲುಪುತ್ತಿತ್ತು, ಎಕ್ಸೆಲ್ ಬೇಕಾಗುತ್ತಿರಲಿಲ್ಲ.

ಆದ್ದರಿಂದ ಮೊದಲ ಪರೀಕ್ಷೆ: ಎಲ್ಲಿಂದ ತಂದಿರೋ ಅಲ್ಲಿ ಎಷ್ಟು ಸಾಲುಗಳಿದ್ದವು, ತಂದು ಹಾಕಿದಲ್ಲಿ ಎಷ್ಟಿವೆ? ನೀವು ಮೂಲ ಫೈಲನ್ನೂ ಕಳುಹಿಸಿದ್ದು ಒಳ್ಳೆಯದಾಯಿತು. ಅದನ್ನು ನೋಟ್‌ಪ್ಯಾಡಿನಲ್ಲಿ ತೆರೆದು Ctrl+End ಒತ್ತಿದರೆ ಕರ್ಸರ್ ಫೈಲಿನ ತುದಿಗೆ ಹೋಗುತ್ತದೆ, ಕೆಳಪಟ್ಟಿಯಲ್ಲಿ ಸಾಲಿನ ಸಂಖ್ಯೆ ಕಾಣುತ್ತದೆ. ಜುಲೈ ಫೈಲಿನಲ್ಲಿ ಅದು Ln 5061 ಎಂದು ತೋರಿಸಿತು. ಮೇಲಿನ ಶೀರ್ಷಿಕೆಯ ಸಾಲೊಂದು, ತುದಿಯ ಖಾಲಿ ಸಾಲೊಂದು ಕಳೆದರೆ 5,059. ನಿಮ್ಮ ಎಕ್ಸೆಲ್ ಹಾಳೆಯಲ್ಲಿರುವುದು 4,850. ಅಂಟಿಸುವ ಒಂದು ಕ್ಷಣದಲ್ಲಿ 209 ಸಾಲುಗಳು ಮಾಯ! ಎಕ್ಸೆಲ್ ಒಂದು ಎಚ್ಚರಿಕೆಯನ್ನೂ ಕೊಡುವುದಿಲ್ಲ.

ಅವು ಎಲ್ಲಿಗೆ ಹೋದವು ಎಂದು ಹುಡುಕಲು ನಾನು ಹಾಳೆಯ ಪಕ್ಕದ ಖಾಲಿ ಕಾಲಂನಲ್ಲಿ ಷರಾ ಕಾಲಂನ ಉದ್ದ ಅಳೆದೆ. ನಿಮ್ಮ ಹಾಳೆಯಲ್ಲಿ A ದಿನಾಂಕ, B ಹೊತ್ತು, C ಮಾದರಿ ಸಂಖ್ಯೆ, D ಸದಸ್ಯರ ಕೋಡ್, E ಲೀಟರ್, F ಷರಾ.

```
=LEN(F2)
```

ಇದನ್ನು ಕೆಳಗಿನವರೆಗೂ ಎಳೆದು, ದೊಡ್ಡದು ಮೇಲೆ ಬರುವಂತೆ ವಿಂಗಡಿಸಿದೆ. ವಿಂಗಡಿಸುವಾಗ ಎಲ್ಲ ಕಾಲಂಗಳನ್ನೂ ಒಟ್ಟಿಗೆ ಆಯ್ದುಕೊಳ್ಳಿ, ಇಲ್ಲವಾದರೆ ಒಬ್ಬರ ಹಾಲು ಇನ್ನೊಬ್ಬರ ಹೆಸರಿಗೆ ಹೋಗುತ್ತದೆ. ಷರಾ ಎಂದರೆ ‘ಹುಳಿ’, ‘ನೀರು’ ಎಂಬಂತಹ ನಾಲ್ಕಾರು ಅಕ್ಷರ. ಒಂದು ಸೆಲ್‌ನಲ್ಲಿ ಮಾತ್ರ ಆರು ಸಾವಿರಕ್ಕೂ ಹೆಚ್ಚು ಅಕ್ಷರಗಳಿದ್ದವು. ಅದು ಜುಲೈ 9ರ ಸಂಜೆಯ ಮೂರನೇ ಸಾಲು. ಅದರೊಳಗೆ ಇಣುಕಿದರೆ ಆ ಸಂಜೆಯ ಉಳಿದ 81 ಸಾಲುಗಳು, 10ರ ಬೆಳಗಿನ 85 ಸಾಲುಗಳು, 10ರ ಸಂಜೆಯ ಮೊದಲ 43 ಸಾಲುಗಳು ಒಂದರ ಮೇಲೊಂದು ಅಡಕವಾಗಿ ಕೂತಿದ್ದವು. 81, 85, 43, ಕೂಡಿದರೆ 209. ನೀವು ಸಾಲುಗಳ ಎತ್ತರವನ್ನೆಲ್ಲ ಸಮ ಮಾಡಿಕೊಂಡಿದ್ದರಿಂದ ಆ ಸೆಲ್ ಹೊರಗಿನಿಂದ ಉಳಿದವುಗಳ ಹಾಗೆಯೇ ಕಾಣುತ್ತಿತ್ತು.

ಕಾರಣ ಕೇಳಿದರೆ ನಗು ಬರುತ್ತದೆ. ನಿಮ್ಮ ಕಾರ್ಯದರ್ಶಿ ಹಳೆಯ ಕಾಲದ ರಿಜಿಸ್ಟರ್ ಬರೆದವರು. ಎರಡನೆಯ ಸದಸ್ಯರ ಹಾಲಿಗೆ ‘ಹುಳಿ’ ಎಂದು ಬರೆದಿದ್ದಾರೆ. ಮೂರನೆಯದೂ ಹುಳಿ. ರಿಜಿಸ್ಟರಿನಲ್ಲಿ ಎಲ್ಲರೂ ಮಾಡುವಂತೆ ಅದಕ್ಕೆ ‘ಸದರಿ’ ಎಂಬರ್ಥದ ಎರಡು ಗೀಟು ಹಾಕಿದ್ದಾರೆ. ಕೀಲಿಮಣೆಯಲ್ಲಿ ಆ ಎರಡು ಗೀಟು ಎಂದರೆ ಉದ್ಧರಣ ಚಿಹ್ನೆ:

```
"
```

ಟೆಕ್ಸ್ಟನ್ನು ಅಂಟಿಸುವಾಗ ಒಂದು ಕಾಲಂನ ಮೊದಲ ಅಕ್ಷರವೇ ಈ ಚಿಹ್ನೆಯಾಗಿದ್ದರೆ, ‘ಇಲ್ಲಿಂದ ಒಂದು ಉದ್ದದ ಬರಹ ಆರಂಭವಾಯಿತು, ಮುಂದಿನ ಚಿಹ್ನೆ ಸಿಗುವವರೆಗೂ ಎಲ್ಲವೂ ಒಂದೇ ಸೆಲ್’ ಎಂದು ಎಕ್ಸೆಲ್ ತಿಳಿಯುತ್ತದೆ. ನಡುವೆ ಸಾಲು ಮುಗಿದರೂ ಅದಕ್ಕೆ ಲೆಕ್ಕವಿಲ್ಲ. ಮುಂದಿನ ಗೀಟು ಸಿಕ್ಕಿದ್ದು ಮರುದಿನ ಸಂಜೆ, 43ನೇ ಮಾದರಿಯಲ್ಲಿ. ಅಲ್ಲಿಯವರೆಗಿನ ಹಾಲೆಲ್ಲ ಒಂದು ಷರಾದ ಹೊಟ್ಟೆಯೊಳಗೆ ಸೇರಿತು. ನಿಮಗೆ ಎರಡನೇ ವಾರದಲ್ಲಿ ಕಂಡ ಶೇ. 18ರ ಕುಸಿತ ಇದೇ. ಖಾಸಗಿ ವಾಹನ ಅದೇ ವಾರ ಬಂದದ್ದು ಬರೀ ಕಾಕತಾಳೀಯ. ಇಂತಹ ಹೊಂದಾಣಿಕೆ ಸಿಕ್ಕಿದಾಗಲೇ ನಾವು ಹೆಚ್ಚು ಮೋಸಹೋಗುವುದು, ಏಕೆಂದರೆ ಹಾಳೆಯಲ್ಲಿನ ತೂತಿಗೆ ಹೊರಗೆ ಒಂದು ಕತೆ ಸಿದ್ಧವಾಗಿ ನಿಂತಿರುತ್ತದೆ.

ಸರಿಪಡಿಸುವುದು ಸುಲಭ. ನೋಟ್‌ಪ್ಯಾಡಿನಲ್ಲೇ Ctrl+H ಒತ್ತಿ ಆ ಚಿಹ್ನೆ ಇದ್ದಲ್ಲೆಲ್ಲ ‘ಸದರಿ’ ಎಂಬ ಪದ ಹಾಕಿ, ಆಮೇಲೆ ಹೊಸ ಹಾಳೆಗೆ ಅಂಟಿಸಿ. ಹಳೆಯ ಹಾಳೆಯ ಮೇಲೆಯೇ ಅಂಟಿಸಬೇಡಿ, ಹಿಂದಿನ ತುಣುಕುಗಳು ಉಳಿದುಕೊಳ್ಳುತ್ತವೆ.

ಫೈಲಿನ ಬದಲು ಇನ್ನೊಂದು ಎಕ್ಸೆಲ್ ಹಾಳೆಯಿಂದ ನಕಲು ಮಾಡುವವರು ಬೇರೆ ಎರಡು ಹಳ್ಳಗಳಿಗೆ ಬೀಳುತ್ತಾರೆ. ಅಲ್ಲಿ ಫಿಲ್ಟರ್ ಹಾಕಿದ್ದರೆ ಕಾಣುವ ಸಾಲುಗಳು ಮಾತ್ರ ನಕಲಾಗುತ್ತವೆ. ಎಡಬದಿಯ ಸಾಲು ಸಂಖ್ಯೆಗಳು 14, 15, 22 ಎಂದು ಜಿಗಿಯುತ್ತಿವೆಯೇ ಎಂದು ಮೂಲದಲ್ಲೇ ನೋಡಬೇಕು. ಅಂಟಿಸಿದ ಮೇಲೆ ಸಂಖ್ಯೆಗಳು ಹೊಸದಾಗಿ ಸಾಲಾಗಿ ನಿಲ್ಲುವುದರಿಂದ ಸುಳಿವು ಅಳಿಸಿಹೋಗುತ್ತದೆ. ಇನ್ನೊಂದು, Ctrl+Shift+ಕೆಳಬಾಣ ಒತ್ತಿ ಆಯ್ದುಕೊಳ್ಳುವ ಅಭ್ಯಾಸ. ಕಾಲಂನಲ್ಲಿ ಒಂದು ಸೆಲ್ ಖಾಲಿಯಿದ್ದರೂ ಆಯ್ಕೆ ಅದರ ಮೇಲಿನ ಸೆಲ್‌ನಲ್ಲೇ ನಿಂತುಬಿಡುತ್ತದೆ, ಕೆಳಗಿನ ಸಾವಿರ ಸಾಲುಗಳು ಅಲ್ಲೇ ಉಳಿಯುತ್ತವೆ. ಎರಡೂ ಕಡೆ ಎಣಿಸಿ ನೋಡುವ ಒಂದೇ ಮದ್ದು ಇವೆರಡಕ್ಕೂ ಸಾಕು.

ಆದರೆ 209 ಸಿಕ್ಕಿತೆಂದು ಅಲ್ಲಿಗೇ ನಿಲ್ಲಿಸಿದ್ದರೆ ಉಳಿದ 166 ಸಿಗುತ್ತಿರಲಿಲ್ಲ. ಮೂಲ ಫೈಲಿನಲ್ಲೇ ಇಲ್ಲದ್ದನ್ನು ಮೂಲ ಫೈಲಿನೊಂದಿಗೆ ಹೋಲಿಸಿ ಕಂಡುಹಿಡಿಯಲು ಸಾಧ್ಯವಿಲ್ಲ. ಅದಕ್ಕೆ ಬೇಕಾದದ್ದು ಕ್ಯಾಲೆಂಡರ್.

ಹೊಸ ಹಾಳೆಯೊಂದರಲ್ಲಿ A2ರಿಂದ ಕೆಳಗೆ ಜುಲೈ 1ರಿಂದ 31ರವರೆಗಿನ ದಿನಾಂಕಗಳನ್ನು ನೀವೇ ಬರೆಯಿರಿ. B1ರಲ್ಲಿ M, C1ರಲ್ಲಿ E ಎಂದು ಹಾಕಿ. ನಿಮ್ಮ ಸಾಫ್ಟ್‌ವೇರ್ ಬೆಳಿಗ್ಗೆ ಮತ್ತು ಸಂಜೆಗೆ ಈ ಅಕ್ಷರಗಳನ್ನೇ ಬಳಸಿದೆ. ಲೆಕ್ಕದ ಹಾಳೆಯ ಹೆಸರು July ಎಂದಿದ್ದರೆ B2ರಲ್ಲಿ ಇದನ್ನು ಬರೆದು ಬಲಕ್ಕೂ ಕೆಳಕ್ಕೂ ಎಳೆಯಿರಿ:

```
=COUNTIFS(July!$A:$A,$A2,July!$B:$B,B$1)
```

ಪ್ರತಿ ದಿನದ ಪ್ರತಿ ಹೊತ್ತಿಗೂ ಎಷ್ಟು ಸಾಲುಗಳಿವೆ ಎಂಬ 62 ಮನೆಗಳ ಚೌಕಟ್ಟು ಸಿಗುತ್ತದೆ. ‘ಪಿವೋಟ್ ಟೇಬಲ್ ಹಾಕಿದರೆ ಇದೇ ಬರುತ್ತದಲ್ಲ’ ಎಂದು ನೀವು ಕೇಳಬಹುದು. ಬರುವುದಿಲ್ಲ. ಒಂದು ದಿನದ ಎರಡೂ ಹೊತ್ತು ಹಾಳೆಯಲ್ಲಿ ಇಲ್ಲದಿದ್ದರೆ ಪಿವೋಟ್ ಆ ದಿನವನ್ನೇ ತೋರಿಸುವುದಿಲ್ಲ, 9ರ ಕೆಳಗೆ 11 ಬಂದು ನಿಲ್ಲುತ್ತದೆ. ಅದು ಇರುವುದನ್ನು ಮಾತ್ರ ಪಟ್ಟಿ ಮಾಡುತ್ತದೆ. ದಿನಾಂಕಗಳನ್ನು ಕೈಯಾರೆ ಬರೆಯಿರಿ ಎಂದದ್ದು ಅದಕ್ಕೇ: ಆ ಪಟ್ಟಿ ಲೆಕ್ಕದ ಹಾಳೆಯಿಂದ ಹುಟ್ಟಬಾರದು.

ನೀವು ಕಳುಹಿಸಿದ್ದ ಹಾಳೆಗೆ ಇದನ್ನು ಹಾಕಿದಾಗ ಹೆಚ್ಚಿನ ಮನೆಗಳಲ್ಲಿ 82ರಿಂದ 88ರವರೆಗಿನ ಅಂಕಿಗಳು ಬಂದವು. ಎದ್ದು ಕಂಡವು ಆರು. ಜುಲೈ 9ರ ಸಂಜೆ 3, 10ರ ಬೆಳಿಗ್ಗೆ 0, 10ರ ಸಂಜೆ 41, ಇವು ಆಗಲೇ ಗೊತ್ತಾದ ಗೀಟಿನ ಕೆಲಸ. ಉಳಿದವು 21ರ ಬೆಳಿಗ್ಗೆ 0, 31ರ ಸಂಜೆ 0, ಮತ್ತು 16ರ ಸಂಜೆ 71.

71 ನಿಜವೋ ಕೊರತೆಯೋ ಎಂದು ತಿಳಿಯಲು ಮಾದರಿ ಸಂಖ್ಯೆ ಸಹಾಯಕ್ಕೆ ಬಂತು. ಪ್ರತಿ ಹೊತ್ತಿನಲ್ಲೂ ಹಾಲಿನ ಮಾದರಿಗೆ 1ರಿಂದ ಕ್ರಮವಾಗಿ ಸಂಖ್ಯೆ ಬೀಳುತ್ತದೆ. ಹಾಗಾದರೆ ಒಂದು ಹೊತ್ತಿನ ಅತಿ ದೊಡ್ಡ ಮಾದರಿ ಸಂಖ್ಯೆಯೂ ಸಾಲುಗಳ ಸಂಖ್ಯೆಯೂ ಒಂದೇ ಆಗಿರಬೇಕು.

```
=MAXIFS(July!$C:$C,July!$A:$A,$A2,July!$B:$B,B$1)
```

16ರ ಸಂಜೆ ದೊಡ್ಡ ಸಂಖ್ಯೆ 71, ಸಾಲುಗಳೂ 71. ನಿಮಗೆ ಫೋನ್ ಮಾಡಿದಾಗ ಅಂದು ಊರಹಬ್ಬವಿತ್ತು, ಪಾಯಸಕ್ಕೆಂದು ಹಲವು ಮನೆಯವರು ಹಾಲು ಇಟ್ಟುಕೊಂಡರು ಎಂದಿರಿ. ಅದು ಸಾಲು ಕಳೆದುಹೋದದ್ದಲ್ಲ, ಹಾಲೇ ಬಾರದಿದ್ದದ್ದು. ಅದನ್ನು ಮುಟ್ಟಬಾರದು. 10ರ ಸಂಜೆ ಮಾತ್ರ ಸಾಲುಗಳು 41, ದೊಡ್ಡ ಸಂಖ್ಯೆ 84. ಮೊದಲ 43 ಇಲ್ಲವೆಂದು ಅದೇ ಹೇಳುತ್ತಿದೆ.

ಈಗ 9ರ ಸಂಜೆ ನೋಡಿ. ಸಾಲುಗಳು 3, ದೊಡ್ಡ ಸಂಖ್ಯೆಯೂ 3. ಈ ಪರೀಕ್ಷೆಯ ಪ್ರಕಾರ ಎಲ್ಲವೂ ಸರಿ! ಕ್ರಮಸಂಖ್ಯೆಯಿಂದ ಗೊತ್ತಾಗುವುದು ತಲೆ ಮತ್ತು ನಡು ಹೋದಾಗ ಮಾತ್ರ. ಬಾಲ ಹೋದರೆ ಅದಕ್ಕೆ ಗೊತ್ತಾಗುವುದಿಲ್ಲ, ಏಕೆಂದರೆ ದೊಡ್ಡ ಸಂಖ್ಯೆಯೂ ಬಾಲದ ಜೊತೆಗೇ ಹೋಗಿರುತ್ತದೆ. ನನ್ನ ಅನುಭವದಲ್ಲಿ ಜನ ಅತಿ ಹೆಚ್ಚು ನಂಬುವ ಪರೀಕ್ಷೆ ಈ ಕ್ರಮಸಂಖ್ಯೆಯದೇ. ನಾನೂ ಹಿಂದೊಮ್ಮೆ ಒಂದು ಸಂಘದ ರಸೀದಿಗಳನ್ನು 1ರಿಂದ 400ರವರೆಗೆ ಒಂದೂ ಬಿಡದೆ ತಾಳೆ ನೋಡಿ ಸಹಿ ಹಾಕಿದ್ದೆ. ಆ ಪುಸ್ತಕದಲ್ಲಿದ್ದದ್ದು 500 ರಸೀದಿ.

ಬಾಲ ಕತ್ತರಿಸಿಹೋಗುವುದು ದೊಡ್ಡ ದೊಡ್ಡ ಕಡೆಗಳಲ್ಲೂ ಆಗಿದೆ. 2020ರಲ್ಲಿ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆ ಪ್ರಯೋಗಾಲಯಗಳಿಂದ ಬಂದ ಕೋವಿಡ್ ಫಲಿತಾಂಶಗಳನ್ನು ಎಕ್ಸೆಲ್‌ನ ಹಳೆಯ .xls ಮಾದರಿಯ ಫೈಲಿಗೆ ತುಂಬುತ್ತಿತ್ತು. ಆ ಮಾದರಿಯಲ್ಲಿ ಹಿಡಿಯುವುದು 65,536 ಸಾಲುಗಳು ಮಾತ್ರ, ಈಗಿನ .xlsx ಆದರೆ 10,48,576. ಒಬ್ಬ ರೋಗಿಗೆ ಹಲವು ಸಾಲುಗಳು ಬೇಕಾಗುತ್ತಿದ್ದುದರಿಂದ ಹಾಳೆ ಬೇಗ ತುಂಬಿತು, ಹೆಚ್ಚಾದದ್ದು ಸದ್ದಿಲ್ಲದೆ ಬಿದ್ದುಹೋಯಿತು. ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗಿನ 15,841 ಪ್ರಕರಣಗಳು ದಿನದ ಲೆಕ್ಕದಲ್ಲಿ ಸೇರಲೇ ಇಲ್ಲ, ಅವರ ಸಂಪರ್ಕಕ್ಕೆ ಬಂದವರನ್ನು ಹುಡುಕುವುದೂ ತಡವಾಯಿತು. ನಿಮ್ಮ ಸಂಘದ ಲೆಕ್ಕ ಆ ಮಿತಿಯ ಹತ್ತಿರಕ್ಕೂ ಹೋಗುವುದಿಲ್ಲ. ಆದರೆ ತಾಲ್ಲೂಕು ಮಟ್ಟದ ಲೆಕ್ಕವೊಂದು ಸರಿಯಾಗಿ 65,536ನೇ ಸಾಲಿಗೇ ಮುಗಿದಿದ್ದರೆ ಅದು ಅಲ್ಲಿಗೆ ಮುಗಿದದ್ದಲ್ಲ, ಯಾರೋ ಅಲ್ಲಿ ಕತ್ತರಿಸಿದ್ದು ಎಂದು ತಿಳಿಯಿರಿ.

ನಿಮ್ಮ ಹಾಳೆಯ ಬಾಲದ ಕತೆ ಇನ್ನೂ ಸರಳ. ಫೈಲಿನ ಗುಣಲಕ್ಷಣ ನೋಡಿದರೆ ಅದು ಸಿದ್ಧವಾದದ್ದು ಜುಲೈ 31ರ ಮಧ್ಯಾಹ್ನ 3.40ಕ್ಕೆ. ಸಂಜೆಯ ಹಾಲು ಇನ್ನೂ ಹಸುವಿನ ಕೆಚ್ಚಲಿನಲ್ಲೇ ಇತ್ತು. ತಿಂಗಳ ವರದಿಯನ್ನು ಮರುದಿನ ಬೆಳಿಗ್ಗೆ ತೆಗೆಯಿರಿ. ಮತ್ತೆ ತೆಗೆಸಿದಾಗ ಆ ಸಂಜೆಯ 84 ಸಾಲುಗಳು, 506 ಲೀಟರ್ ಸಿಕ್ಕಿತು.

ಉಳಿದದ್ದು 21ರ ಬೆಳಿಗ್ಗೆ. ಮತ್ತೆ ತೆಗೆದ ವರದಿಯಲ್ಲೂ ಅದು ಸೊನ್ನೆಯೇ. ಆ ಹೊತ್ತು ಡೈರಿಯೇ ತೆರೆಯಲಿಲ್ಲವೋ, ತೆರೆದೂ ದಾಖಲಾಗಲಿಲ್ಲವೋ? ಇಲ್ಲಿ ಕ್ಯಾಲೆಂಡರ್ ಕೂಡ ಕೈಚೆಲ್ಲುತ್ತದೆ. ಬೇರೊಬ್ಬರ ಕೈಯಲ್ಲಿ ಹುಟ್ಟಿದ ದಾಖಲೆ ಬೇಕು. ನಿಮ್ಮದು ಎರಡೂ ಹೊತ್ತು ಕ್ಯಾನಿನಲ್ಲಿ ಹಾಲು ಕಳುಹಿಸುವ ಸಂಘವಾದ್ದರಿಂದ ಟ್ರಕ್ ಶೀಟ್ ಅದಕ್ಕೆ ಹೇಳಿಮಾಡಿಸಿದಂತಿದೆ: ಒಕ್ಕೂಟದ ತೂಕ, ಒಕ್ಕೂಟದ ಬರಹ, ಹೊತ್ತಿಗೊಂದು.

ಒಂದು ಎಚ್ಚರ. ಟ್ರಕ್ ಶೀಟಿನ ಮೊತ್ತವೂ ಸದಸ್ಯರ ಲೆಕ್ಕದ ಮೊತ್ತವೂ ಒಂದೇ ಆಗಿರುವುದಿಲ್ಲ, ಆಗಬೇಕೆಂದೂ ಇಲ್ಲ. ನೀವು ಅಳೆಯುವುದು ಲೀಟರಿನಲ್ಲಿ, ಅಲ್ಲಿ ತೂಗುವುದು ಕಿಲೋದಲ್ಲಿ. ಒಂದು ಲೀಟರ್ ಹಾಲು ಸುಮಾರು 1.03 ಕಿಲೋ ತೂಗುತ್ತದೆ. ಮೇಲಾಗಿ ನೀವು ಊರಿನಲ್ಲೇ ಹೊತ್ತಿಗೆ 16 ಲೀಟರಿನಷ್ಟು ಮಾರುತ್ತೀರಿ. ಉದಾಹರಣೆಗೆ 20ರ ಬೆಳಿಗ್ಗೆ ಸದಸ್ಯರ ಲೆಕ್ಕ 507 ಲೀಟರ್. 16 ಕಳೆದು 1.03ರಿಂದ ಗುಣಿಸಿದರೆ ಸುಮಾರು 506 ಕಿಲೋ. ಟ್ರಕ್ ಶೀಟಿನಲ್ಲಿರುವುದು 505. ಹೀಗೆ ಒಂದೆರಡು ಕಿಲೋ ಅತ್ತಿತ್ತ ಆದರೆ ತಲೆ ಕೆಡಿಸಿಕೊಳ್ಳಬೇಡಿ. ಹೊತ್ತುಹೊತ್ತಿಗೂ ಇದೇ ಹೊಂದಾಣಿಕೆ ನಡೆದುಕೊಂಡು ಬಂದು, ಯಾವ ಹೊತ್ತಿನಲ್ಲಿ ಅದು ಮುರಿಯುತ್ತದೋ ಅದನ್ನು ಹಿಡಿಯಿರಿ. ಹಾಲನ್ನು ತಂಪು ತೊಟ್ಟಿಯಲ್ಲಿಟ್ಟು ದಿನಕ್ಕೊಮ್ಮೆ ಟ್ಯಾಂಕರಿಗೆ ಕೊಡುವ ಸಂಘಗಳಲ್ಲಿ ಎರಡು ಹೊತ್ತನ್ನು ಕೂಡಿಸಿ ಹೋಲಿಸಬೇಕಾಗುತ್ತದೆ. ಆಗ ಅರ್ಧ ಹೊತ್ತು ಹೋದದ್ದು ಅಷ್ಟು ಚೊಕ್ಕವಾಗಿ ಕಾಣುವುದಿಲ್ಲ.

21ರ ಬೆಳಿಗ್ಗೆ ಟ್ರಕ್ ಶೀಟಿನಲ್ಲಿ 486 ಕಿಲೋ ಇದೆ, ಸದಸ್ಯರ ಲೆಕ್ಕದಲ್ಲಿ ಸೊನ್ನೆ. ಹಾಲು ಹೋಗಿದೆ ಎಂದ ಮೇಲೆ ಬಂದೇ ಇದೆ. ಕಾರ್ಯದರ್ಶಿಯವರನ್ನು ಕೇಳಿಸಿದಾಗ ವಿಷಯ ಹೊರಬಿತ್ತು: ಅಂದು ಕರೆಂಟಿಲ್ಲ, ಯುಪಿಎಸ್ ಬ್ಯಾಟರಿಯೂ ಸತ್ತಿತ್ತು, ಲೀಟರಿನಲ್ಲಿ ಅಳೆದು ಪುಸ್ತಕದಲ್ಲಿ ಬರೆದುಕೊಂಡಿದ್ದಾರೆ, ಆಮೇಲೆ ಯಂತ್ರಕ್ಕೆ ಏರಿಸಲು ಮರೆತಿದ್ದಾರೆ. ಪುಸ್ತಕದಲ್ಲಿ 82 ಹೆಸರು, 488 ಲೀಟರ್. ಇದು ಬರೀ ಅಂಕಿಅಂಶದ ಮಾತಲ್ಲ. ಬಟವಾಡೆ ಯಂತ್ರದ ಲೆಕ್ಕದಿಂದಲೇ ಆಗುವುದಾದರೆ ಆ 82 ಮಂದಿಗೆ ಒಂದು ಹೊತ್ತಿನ ಹಾಲಿನ ಹಣ ಬಂದಿರುವುದಿಲ್ಲ. ಸಭೆಗೆ ಮೊದಲು ಇದನ್ನು ಸರಿಪಡಿಸಿ.

ಸೊನ್ನೆ ಬಂದ ಮನೆಗಳಿಗೆ ‘ಸರಾಸರಿ 84 ತಾನೇ, ಅದನ್ನೇ ತುಂಬಿಬಿಡೋಣ’ ಎನ್ನುವವರಿದ್ದಾರೆ. ಹಾಗೆ ಮಾಡಬೇಡಿ. ತುಂಬಿದ್ದು ಯಾವುದು, ಅಳೆದದ್ದು ಯಾವುದು ಎಂಬುದು ಎರಡು ತಿಂಗಳಾದ ಮೇಲೆ ನಿಮಗೇ ತಿಳಿಯುವುದಿಲ್ಲ. ಪುಸ್ತಕದಿಂದ ಏರಿಸಿದ 82 ಸಾಲುಗಳಿಗೂ ಷರಾದಲ್ಲಿ ‘ಕೈಬರಹ’ ಎಂದು ಬರೆದಿಡಿ. ಇನ್ನು ಮೂಲ ಸಿಗದೇ ಹೋದರೆ, ಕುಂದಿರುವ ಹೊತ್ತುಗಳನ್ನು ಪೂರ್ತಿ ಬದಿಗಿಟ್ಟು ಉಳಿದವುಗಳ ಸರಾಸರಿ ನೋಡುವುದು ಎರಡನೇ ದರ್ಜೆಯ ದಾರಿ. ನಿಮ್ಮ ಹಾಳೆಯಲ್ಲಿ ಹಾಗೆ ಮಾಡಿದ್ದರೆ ಐದು ಹೊತ್ತು ಬಿಟ್ಟು 57 ಉಳಿಯುತ್ತಿತ್ತು. 28,836 ಲೀಟರನ್ನು 57ರಿಂದ ಭಾಗಿಸಿದರೆ ಹೊತ್ತಿಗೆ 505.9. ಇದು ನಿಜದ ಅಂಕಿಗೆ ಬಹಳ ಹತ್ತಿರವಿದೆ ಎಂಬುದನ್ನು ಮುಂದೆ ನೋಡುತ್ತೀರಿ. ಆದರೆ ಬಿಟ್ಟುಹೋದದ್ದು ಬೆಳಿಗ್ಗೆ ಸಂಜೆ ಎರಡೂ ಕಲಸಿದ್ದರಿಂದ ಹಾಗಾಯಿತು. ಸಂಜೆಗಳೇ ಹೋಗಿದ್ದರೆ, ಬೆಳಗಿನ ಹಾಲು ಹೆಚ್ಚಿರುವ ಊರಿನಲ್ಲಿ ಸರಾಸರಿ ಸುಳ್ಳೇ ಉಬ್ಬುತ್ತಿತ್ತು.

ಈ ಚೌಕಟ್ಟನ್ನು ಹಾಕುವಾಗ ಸುಳ್ಳು ಗಾಬರಿಯೊಂದು ಬರಬಹುದು, ನಿಮ್ಮಲ್ಲಿ ಬರಲಿಲ್ಲವಾದರೂ ಹೇಳಿಬಿಡುತ್ತೇನೆ. 13ರಿಂದ 31ರವರೆಗೆ ಎಲ್ಲ ಮನೆಗಳೂ ಸೊನ್ನೆಯಾಗಿ, 1ರಿಂದ 12ರವರೆಗೂ ಬಹುಪಾಲು ಸೊನ್ನೆಯೇ ಬಂದರೆ ಸಾಲುಗಳು ಹೋಗಿಲ್ಲ, ದಿನಾಂಕಗಳು ಕೆಟ್ಟಿವೆ. ಕಂಪ್ಯೂಟರ್ ಅಮೆರಿಕದ ಕ್ರಮದಲ್ಲಿದ್ದರೆ 09/07 ಎಂಬುದನ್ನು ಸೆಪ್ಟೆಂಬರ್ 7 ಎಂದು ಓದುತ್ತದೆ. 13/07 ಎಂಬುದಕ್ಕೆ ಹದಿಮೂರನೇ ತಿಂಗಳಿಲ್ಲವಾದ್ದರಿಂದ ಅದನ್ನು ದಿನಾಂಕವೆಂದೇ ಒಪ್ಪದೆ ಅಕ್ಷರವಾಗಿ ಎಡಕ್ಕೆ ತಳ್ಳುತ್ತದೆ. ದಿನಾಂಕದ ಕಾಲಂಗೆ COUNT ಮತ್ತು COUNTA ಎರಡನ್ನೂ ಹಾಕಿ ನೋಡಿ. ಶೀರ್ಷಿಕೆ ಬಿಟ್ಟು ಎರಡೂ ಒಂದೇ ಬರಬೇಕು; ಬಾರದಿದ್ದರೆ ವ್ಯತ್ಯಾಸದಷ್ಟು ದಿನಾಂಕಗಳು ಅಕ್ಷರವಾಗಿವೆ.

ಇನ್ನೊಂದು ಸಂದರ್ಭದಲ್ಲಿ ಎಣಿಕೆ ಸರಿಯಾಗಿದ್ದೂ ಸಾಲು ಹೋಗಿರುತ್ತದೆ. ಒಬ್ಬರ ಸಾಲು ಬಿಟ್ಟು ಇನ್ನೊಬ್ಬರದನ್ನು ಎರಡು ಬಾರಿ ಅಂಟಿಸಿದರೆ 84 ಎಂಬುದು 84 ಆಗಿಯೇ ಇರುತ್ತದೆ. ದಿನಾಂಕ, ಹೊತ್ತು, ಮಾದರಿ ಸಂಖ್ಯೆ ಮೂರೂ ಒಂದೇ ಆಗಿರುವ ಸಾಲು ಎರಡಿದೆಯೇ ಎಂದು ನೋಡಿದೆ. ನಿಮ್ಮಲ್ಲಿ ಒಂದೂ ಇಲ್ಲ. ಜೂನ್ ಹಾಳೆಗೂ ಇದೆಲ್ಲವನ್ನೂ ಮಾಡಿದೆ. 60 ಮನೆಗಳೂ ತುಂಬಿವೆ, ಗೀಟುಗಳೂ ಇಲ್ಲ. ಜೂನ್ ಮೇಲೆ ಅನುಮಾನವಿರಲಿಲ್ಲ, ಆದರೂ ಮಾಡಿದೆ. ಕಡಿಮೆ ಬಂದ ತಿಂಗಳನ್ನು ಮಾತ್ರ ಕೆದಕಿದರೆ ಹೋಲಿಕೆ ಒಂದು ಕಡೆಗೆ ವಾಲುತ್ತದೆ.

ಈಗ ಜುಲೈ ಲೆಕ್ಕವನ್ನು ಮತ್ತೆ ಹಾಕೋಣ. ಹಾಳೆಯಲ್ಲಿದ್ದ 4,850 ಸಾಲುಗಳಿಗೆ ಷರಾದ ಹೊಟ್ಟೆಯಿಂದ 209, ಪುಸ್ತಕದಿಂದ 82, ತಡವಾಗಿ ತೆಗೆದ ವರದಿಯಿಂದ 84 ಸೇರಿದರೆ 5,225. ಲೀಟರಿನಲ್ಲಿ 29,100ಕ್ಕೆ 1,251, 488 ಮತ್ತು 506 ಸೇರಿ 31,345. ಅಂದರೆ ಜುಲೈನಲ್ಲಿ ಜೂನ್‌ಗಿಂತ 205 ಲೀಟರ್ ಹೆಚ್ಚೇ ಬಂದಿದೆ! ಇದನ್ನು ಕೇಳಿ ಹಿಗ್ಗಬೇಡಿ, ಆ ಹೆಚ್ಚಳ ಒಂದು ದಿನ ಹೆಚ್ಚಿದ್ದಕ್ಕೆ ಬಂದದ್ದು. ಹೊತ್ತಿಗೆ ಎಷ್ಟು ಎಂದು ನೋಡಿದರೆ ಜೂನ್‌ನಲ್ಲಿ 519 ಲೀಟರ್, ಜುಲೈನಲ್ಲಿ 505.6. ಶೇ. 2.6ರ ಇಳಿಕೆ ನಿಜ. ಹಾಲು ಹಾಕುವವರು ಹೊತ್ತಿಗೆ 86.5 ಇದ್ದದ್ದು 84.3 ಆಗಿದ್ದಾರೆ. ಒಬ್ಬೊಬ್ಬರು ಹಾಕುವ ಹಾಲು ಈಗಲೂ 6 ಲೀಟರೇ. ಎರಡನೇ ವಾರದ ಕುಸಿತ ಎಂಬುದು ಇಲ್ಲವೇ ಇಲ್ಲ.

ಹಾಗಾಗಿ ಸಭೆಯಲ್ಲಿ ಹೇಳಬಹುದಾದದ್ದು ಇಷ್ಟು: ಹೊತ್ತಿಗೆ ಇಬ್ಬರಷ್ಟು ಕಡಿಮೆಯಾಗಿದ್ದಾರೆ, ಉಳಿದವರ ಹಾಲು ಹಾಗೆಯೇ ಇದೆ. ಪೂರ್ತಿಯಾದ ಹಾಳೆಯಲ್ಲಿ ಸದಸ್ಯರ ಕೋಡಿನ ಪ್ರಕಾರ ಎಣಿಸಿ ನೋಡಿದೆ. ಜೂನ್ ಪೂರ್ತಿ ಎರಡೂ ಹೊತ್ತು ಹಾಲು ಹಾಕಿದ ಎರಡು ಕೋಡುಗಳು ಜುಲೈ 12ರ ನಂತರ ಒಮ್ಮೆಯೂ ಕಾಣುವುದಿಲ್ಲ. ಇನ್ನು ಮೂರ್ನಾಲ್ಕು ಕೋಡುಗಳು ಸಂಜೆ ಮಾತ್ರ ತಪ್ಪಿಸುತ್ತಿವೆ. ಆ ಕೋಡುಗಳನ್ನು ನಿಮಗೆ ಪ್ರತ್ಯೇಕವಾಗಿ ಕಳುಹಿಸಿದ್ದೇನೆ. ಹಸು ಗಬ್ಬವಾಗಿ ಹಾಲು ಬತ್ತಿದೆಯೋ, ಮಾರಿದ್ದಾರೋ, ಆ ವಾಹನಕ್ಕೇ ಹಾಕುತ್ತಿದ್ದಾರೋ ಎಂಬುದು ಯಾವ ಕಾಲಂನಲ್ಲೂ ಇಲ್ಲ. ಅದನ್ನು ಅವರ ಕೊಟ್ಟಿಗೆಯ ಹತ್ತಿರ ಹೋಗಿಯೇ ಕೇಳಬೇಕು, ಸಂಜೆ ಹಾಲು ಕರೆಯುವ ಹೊತ್ತಿಗೆ ಹೋದರೆ ಒಳ್ಳೆಯದು.